7 ಎಂದು ಓದಿಕೊಂಡವಳಿಗೆ ಸೊನ್ನೆ ಏಕೆ?



ನಮ್ಮ ತಾಲ್ಲೂಕಿನ ಶಾಲೆಯೊಂದು ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ ಗಣಿತದ ಪ್ರಶ್ನೆಪತ್ರಿಕೆಯನ್ನು ಕೈಯಲ್ಲೇ ಬರೆದು, ಜೆರಾಕ್ಸ್ ಮಾಡಿ ಹಂಚಿತ್ತು. ಒಂದು ವರ್ಗಸಮೀಕರಣದ ಕೊನೆಯ ಅಂಕಿ 7 ಇರಬಹುದು, ನೆತ್ತಿಯಲ್ಲಿ ಗೀಟಿರುವ 1 ಕೂಡ ಇರಬಹುದು. ಕೇಳಿದ ಮಕ್ಕಳಿಗೆ ಕೊಠಡಿ ಮೇಲ್ವಿಚಾರಕರು ‘ಇದ್ದಂತೆ ಬರೆಯಿರಿ’ ಎಂದುಬಿಟ್ಟರು. ಒಬ್ಬ ಹುಡುಗಿ ಉತ್ತರದ ಮೊದಲ ಸಾಲಿನಲ್ಲೇ ‘ಕೊನೆಯ ಪದವನ್ನು 7 ಎಂದು ಓದಿಕೊಂಡಿದ್ದೇನೆ’ ಎಂದು ಬರೆದು, ಲೆಕ್ಕವನ್ನು ಪೂರ್ತಿ ಸರಿಯಾಗಿ ಬಿಡಿಸಿದ್ದಳು. ಮಾದರಿ ಉತ್ತರದಲ್ಲಿ 1 ಇತ್ತು. ಆಕೆಗೆ ಸಿಕ್ಕಿದ್ದು ಸೊನ್ನೆ. ಗಣಿತ ಶಿಕ್ಷಕಿಯಾಗಿ ಇದನ್ನು ನಾನು ಒಪ್ಪಲಾರೆ.

ಲೆಕ್ಕವನ್ನೇ ನೋಡಿ. x² − 6x + 7 = 0 ಎಂದುಕೊಂಡರೆ ಸೂತ್ರದ ವರ್ಗಮೂಲದೊಳಗೆ 36 − 28, ಅಂದರೆ 8 ಬರುತ್ತದೆ; ಮೂಲಗಳು 3 ± √2. ಕೊನೆಯದು 1 ಆದರೆ ಅಲ್ಲಿ 32 ಬರುತ್ತದೆ. ಮೂಲಗಳು 3 ± 2√2. ಎರಡೂ ಚೊಕ್ಕವಾಗಿಯೇ ಬರುವುದರಿಂದ, ತಾನು ತಪ್ಪು ಓದಿದೆನೇನೋ ಎಂಬ ಅನುಮಾನ ಬಿಡಿಸುವ ಮಗುವಿಗೆ ಎಲ್ಲೂ ಹುಟ್ಟುವುದಿಲ್ಲ. ಹಾಗಾಗಿ ಯಾವ ಅಂಕಿ ಎಂದುಕೊಂಡೆ ಎಂಬುದನ್ನು ಮೊದಲೇ ಬರೆದಿಡುವುದೊಂದೇ ಪ್ರಾಮಾಣಿಕ ದಾರಿ. ಅದನ್ನು ಪರಿಶೀಲಿಸಲು ಮೌಲ್ಯಮಾಪಕರಿಗೆ ಅರ್ಧ ನಿಮಿಷ ಸಾಕು: ಎರಡು ಮೂಲಗಳನ್ನು ಗುಣಿಸಿದರೆ 9 − 2, ಅಂದರೆ 7. ಆಕೆ ಹೇಳಿದ ಅಂಕಿಯೇ ಸಿಗುತ್ತದೆ.

ಹಾಗೆಂದು ಮನಸ್ಸಿಗೆ ಬಂದ ಅಂಕಿ ಹಾಕಿಕೊಳ್ಳಲು ಇದು ಪರವಾನಗಿಯಲ್ಲ. x² − 8x ಆದ ಮೇಲೆ ಇಂಥದೇ ಅಂಕಿಯಿದ್ದು, ‘ಅಪವರ್ತನ ವಿಧಾನದಿಂದ ಬಿಡಿಸಿ’ ಎಂದು ಕೇಳಿದ್ದರೆ ಅದು 7 ಆಗಿರಲೇಬೇಕು. ಗುಣಲಬ್ಧ 7, ಮೊತ್ತ 8 ಬರುವ 1 ಮತ್ತು 7 ಸಿಗುತ್ತವೆ. 1 ಎಂದುಕೊಂಡರೆ ಅಂಥ ಪೂರ್ಣಾಂಕಗಳೇ ಇಲ್ಲ. ಪ್ರಶ್ನೆಯೊಳಗೇ ಸುಳಿವು ಇರುವಾಗ ಅದನ್ನು ಹುಡುಕುವುದು ವಿದ್ಯಾರ್ಥಿಯ ಕೆಲಸ. ಉತ್ತರ ಬಂದ ಮೇಲೆ ಮೂಲೆಯಲ್ಲಿ ತುರುಕಿದ ವಿವರಣೆಯನ್ನೂ ನಾನು ಒಪ್ಪುವುದಿಲ್ಲ.

ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರದಲ್ಲಿರುವ ಮೊತ್ತವೇ ಸಲ್ಲಬೇಕೆಂದು 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆಯ 18ನೇ ಕಲಂ ಹೇಳುತ್ತದೆ. ಕೈಬರಹದ ಗೊಂದಲ ಬಂದೇ ಬರುತ್ತದೆಂದು ಊಹಿಸಿ, ಅದನ್ನು ಬಗೆಹರಿಸುವ ನಿಯಮವನ್ನು ಕಾನೂನು ಮೊದಲೇ ಮಾಡಿಟ್ಟಿದೆ. ನಮ್ಮ ಶಾಲಾ ಪರೀಕ್ಷೆಗಳಿಗೂ ಅಂಥದೊಂದು ನಿಯಮ ಬೇಕು.

ಕೈಬರಹದ ಪ್ರಶ್ನೆಪತ್ರಿಕೆ ಅನಿವಾರ್ಯವಾದರೆ, ಯುರೋಪಿನ ಹಲವು ದೇಶಗಳಲ್ಲಿ ಮಾಡುವಂತೆ 7ರ ನಡುವೆ ಅಡ್ಡಗೀಟು ಹಾಕಲಿ, 1 ಅನ್ನು ಬರೀ ನೆಟ್ಟಗೀಟಾಗಿ ಬರೆಯಲಿ. ಅನುಮಾನ ಬಂದಾಗ ಮೇಲ್ವಿಚಾರಕರು ಪ್ರಶ್ನೆ ತೆಗೆದವರನ್ನು ವಿಚಾರಿಸಿ ಎಲ್ಲ ಕೊಠಡಿಗಳಿಗೂ ತಿಳಿಸಲಿ. ಅದೂ ಆಗದಿದ್ದಲ್ಲಿ, ಹೇಗೆ ಓದಿಕೊಂಡೆನೆಂದು ಮೊದಲೇ ಬರೆದು ಅದರಂತೆಯೇ ಕೊನೆಯವರೆಗೆ ಬಿಡಿಸಿದವರಿಗೆ ಪೂರ್ಣ ಅಂಕ ಕೊಡಬೇಕೆಂದು ಅಂಕ ಹಂಚಿಕೆಯ ಸೂಚನೆಯಲ್ಲೇ ಸೇರಿಸಲಿ. ಆ ಹುಡುಗಿಯ ಉತ್ತರಪತ್ರಿಕೆಯನ್ನು ಶಾಲೆಯವರು ಈ ನೆಲೆಯಲ್ಲಿ ಮತ್ತೊಮ್ಮೆ ತಿದ್ದಬೇಕು.

— ಗಣಿತ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ