ಮೊದಲ ರೇಟು ಯಾರನ್ನ ನೋಡಿ ಇಡೋದು?

ನಿಮ್ಮ ಊರಲ್ಲಿ ಮಷೀನ್ ತಂದು ನೀರಿನ ಸಂಪು ತೊಳೆದುಕೊಡೋರು ಇನ್ನೂ ಯಾರೂ ಇಲ್ಲ, ನೀವೇ ಮೊದಲು ಅಂದ್ಕೊಳ್ಳಿ. ರೇಟು ಎಷ್ಟಿಡ್ತೀರಿ? ಬೆಂಗಳೂರಿನ ರೇಟು ನೋಡಬೇಡಿ, ಅಲ್ಲಿನ ಕೂಲಿಯೇ ಬೇರೆ. ನನ್ನ ಪ್ರಕಾರ ನಿಮಗೂ ಪೈಪೋಟಿ ಇದೆ: ಇದೇ ಕೆಲಸಕ್ಕೆ ಜನ ಈಗ ಮಾಡ್ತಿರೋ ಖರ್ಚು.

ಮೊದಲು ನಿಮ್ಮ ಲೆಕ್ಕ ಬರೆಯಿರಿ. ಒಂದು ಸಂಪಿಗೆ ಕೂಲಿ, ಗಾಡಿ, ಬ್ಲೀಚಿಂಗ್ ಪೌಡರ್, ಮಷೀನ್ ಸವೆತ ಸೇರಿ 700 ರೂಪಾಯಿ ಬಂತು ಅನ್ನಿ. ಅದಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ. ಆಮೇಲೆ ಹತ್ತು ಮನೆಗೆ ಹೋಗಿ. "ಎಷ್ಟು ಕೊಡ್ತೀರಿ?" ಅಂತ ಕೇಳಬೇಡಿ, ಬಾಯಿಗೆ ಬಂದದ್ದು ಹೇಳ್ತಾರೆ. "ಹೋದ ಸಲ ಯಾರು ತೊಳೆದ್ರು, ಎಷ್ಟಾಯ್ತು?" ಅಂತ ಕೇಳಿ. ಇಬ್ಬರು ಆಳಿಗೆ 1,000, ಬಾಡಿಗೆ ಪಂಪಿಗೆ 300 ಆಗಿದ್ರೆ, ನಿಮ್ಮ ರೇಟು 700ಕ್ಕೂ 1,300ಕ್ಕೂ ನಡುವೆ ಎಲ್ಲೋ ಇದೆ. 1,100 ಇಟ್ಟು ನೋಡಿ.

ಶುರುವಲ್ಲಿ ರಿಯಾಯಿತಿ ಕೊಡೋದಾದ್ರೆ ಬಿಲ್ಲಲ್ಲಿ 1,100 ಅಂತಲೇ ಬರೆದು, ಕೆಳಗೆ 200 ಕಳೆಯಿರಿ. ಬರೀ 900 ಅಂತ ಬರೆದ್ರೆ ಮುಂದಿನ ವರ್ಷ 1,100 ಕೇಳಿದಾಗ "ರೇಟು ಏರಿಸಿದ್ರಾ?" ಅಂತಾರೆ.

ಹತ್ತಕ್ಕೆ ಹತ್ತೂ ಜನ ಚೌಕಾಸಿ ಮಾಡದೆ ಒಪ್ಪಿದ್ರೆ ರೇಟು ಕಮ್ಮಿಯಾಗಿದೆ. ಬೇಡ ಅಂದವರು ಸಂಪನ್ನೇ ಎಂದೂ ತೊಳೆಸದವರಾದ್ರೆ ರೇಟು ಇಳಿಸಬೇಡಿ. ಅವರಿಗೆ ಅಡ್ಡಿಯಾಗಿರೋದು ದುಡ್ಡಲ್ಲ.