ಕೀಲಿಕೈ ಯಾರದು, ಉತಾರ ಯಾರದು?

ಮಲಪ್ರಭೆ ಹುಟ್ಟುವ ಊರೆಂದು ಕಣಕುಂಬಿಯನ್ನು ಬಲ್ಲವರು ಬಹಳ. ಅಲ್ಲಿಯ ಮಳೆಯನ್ನು ಬಲ್ಲವರು ಕಡಿಮೆ. ಆ ಮಳೆಯನ್ನು ನೋಡಲೆಂದೇ ಬರುವ ಪ್ರವಾಸಿಗಳಿಗೆ ನಮ್ಮ ಸೋದರಮಾವ ನಾಲ್ಕು ಕೋಣೆಗಳ ವಸತಿಮನೆಯೊಂದನ್ನು ನಡೆಸುತ್ತಾರೆ. ಅದಕ್ಕೊಂದು ಜಾಲತಾಣವೂ ಉಂಟು. ಬೆಳಗಾವಿಯ ತರುಣನೊಬ್ಬನು ಅದನ್ನು ಕಟ್ಟಿಕೊಟ್ಟು, ವರ್ಷವರ್ಷ ಹಣ ಒಯ್ಯುತ್ತಿದ್ದನು. ಕಳೆದ ಮಳೆಗಾಲಕ್ಕೆ ಮುನ್ನ ಮಾವನ ದೂರವಾಣಿಯ ಸಂಖ್ಯೆ ಬದಲಾಯಿತು. ತಾಣದಲ್ಲಿ ಅದನ್ನು ತಿದ್ದಿಸಬೇಕೆಂದು ಹುಡುಕಿದರೆ ಹುಡುಗನಿಲ್ಲ, ಅವನ ಅಂಗಡಿಯಿಲ್ಲ, ಅವನ ದೂರವಾಣಿಯೂ ಇಲ್ಲ. ಪಾಸ್‌ವರ್ಡುಗಳೆಲ್ಲ ಅವನ ಬಳಿಯೇ ಉಳಿದಿದ್ದವು.

“ಕೀಲಿಕೈ ಅವನ ಕಡೆ ಐತಿ ತಮ್ಮಾ, ಇನ್ನ ಮನಿ ನಮ್ಮದ ಅಂತ ಯಾರಿಗೆ ಹೇಳೂಣು?” ಎಂದು ಮಾವ ಕೈಚೆಲ್ಲಿ ಕುಳಿತರು.

ಈ ಮಾತಿನಲ್ಲಿಯೇ ತಪ್ಪು ಇದೆಯೆಂಬುದು ನನ್ನ ಅಭಿಪ್ರಾಯ. ಇಂಥ ಸಂದರ್ಭದಲ್ಲಿ ಎಲ್ಲರೂ ಮಾಡುವುದೆಂದರೆ ಓಡಿಹೋದವನನ್ನು ಬೆನ್ನಟ್ಟುವುದು, ಪೋಲೀಸು ಠಾಣೆಗೆ ಹೋಗುವುದು, ಕಂಡಕಂಡ ಪಾಸ್‌ವರ್ಡುಗಳನ್ನು ಒತ್ತಿ ನೋಡುವುದು. ಆದರೆ ಹೊಲದ ವಿಷಯದಲ್ಲಿ ನಾವು ಹೀಗೆ ಮಾಡುವುದಿಲ್ಲ. ಗುಡಿಸಲಿನ ಕೀಲಿಕೈ ಯಾರ ಸೊಂಟದಲ್ಲಿದೆಯೆಂದು ಕೇಳದೆ, ಉತಾರದಲ್ಲಿ ಯಾರ ಹೆಸರಿದೆಯೆಂದು ನೋಡುತ್ತೇವೆ. ಜಾಲತಾಣದ ಹೆಸರಿಗೂ, ಎಂದರೆ ಡೊಮೇನಿಗೂ, ಒಂದು ಉತಾರವಿದೆ. ಅದನ್ನು ಯಾರು ಬೇಕಾದರೂ ತೆಗೆದು ನೋಡಬಹುದು.

ಜಾಲತಾಣವೆಂದು ನಾವು ಒಂದೇ ಮಾತಿನಲ್ಲಿ ಕರೆಯುವುದು ನಿಜವಾಗಿ ಮೂರು ವಸ್ತುಗಳು. ಹೆಸರನ್ನು ನೋಂದಣಿ ಮಾಡಿದ ರಿಜಿಸ್ಟ್ರಾರರ ಖಾತೆ ಒಂದು. ಪುಟಗಳು ಇರುವ ಹೋಸ್ಟಿಂಗ್ ಎರಡನೆಯದು. ಪುಟಗಳನ್ನು ತಿದ್ದುವ ಒಳಬಾಗಿಲು ಮೂರನೆಯದು. ಇವುಗಳಲ್ಲಿ ಹೆಸರು ಕೈಗೆ ಬಂದರೆ ಉಳಿದ ಎರಡನ್ನು ಹೊಸದಾಗಿ ಮಾಡಿಕೊಳ್ಳಬಹುದು. ಒಳಬಾಗಿಲು ಮಾತ್ರ ತೆರೆದು ಹೆಸರು ಕೈಬಿಟ್ಟರೆ, ಅವಧಿ ಮುಗಿದ ದಿನ ಎಲ್ಲವೂ ಹೋಗುತ್ತದೆ. ಆದ್ದರಿಂದ ನಾವು ಮೊದಲು ಹೆಸರಿನ ಬೆನ್ನು ಹತ್ತಿದೆವು.

ನಮ್ಮ ಹೆಸರು ‘ಡಾಟ್ ಇನ್’ ಕೊನೆಯುಳ್ಳದ್ದು. ಇವುಗಳ ಮೂಲ ದಫ್ತರವನ್ನು ಭಾರತದಲ್ಲಿ ‘ನಿಕ್ಸಿ’ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಅದರ ‘ಹೂಈಸ್’ ಹುಡುಕಾಟದಲ್ಲಿ ಹೆಸರು ಹಾಕಿದಾಗ ರಿಜಿಸ್ಟ್ರಾರ್ ಯಾರೆಂಬುದೂ, ಅವಧಿ ಮುಗಿಯಲು 47 ದಿನಗಳಿವೆಯೆಂಬುದೂ ತಿಳಿಯಿತು. ಒಡೆಯನ ಹೆಸರು, ವಿಳಾಸಗಳನ್ನು ಗೋಪ್ಯವೆಂದು ಮುಚ್ಚಿದ್ದರು. ಆದರೆ `Registrant Organization` ಎಂಬ ಸಾಲು ತೆರೆದೇ ಇದ್ದು, ಅದರಲ್ಲಿ ಮಾವನ ವಸತಿಮನೆಯ ಹೆಸರೇ ಇತ್ತು! ಹುಡುಗ ಅಷ್ಟರಮಟ್ಟಿಗೆ ಪ್ರಾಮಾಣಿಕ. ಇಮೇಲ್ ಮಾತ್ರ ತನ್ನದನ್ನು ಕೊಟ್ಟುಕೊಂಡಿದ್ದನು. ಪಾಸ್‌ವರ್ಡ್ ಬದಲಿಸುವ ಪತ್ರ ಅಲ್ಲಿಗೇ ಹೋಗುತ್ತಿದ್ದುದರಿಂದ ನಮ್ಮ ಯತ್ನಗಳೆಲ್ಲ ವ್ಯರ್ಥವಾಗಿದ್ದವು.

ರಿಜಿಸ್ಟ್ರಾರರಿಗೆ ಬರೆಯುವಾಗ “ಪಾಸ್‌ವರ್ಡ್ ಕೊಡಿ” ಎಂದು ಕೇಳಿದರೆ ಸಿದ್ಧ ಉತ್ತರವೊಂದು ಬರುತ್ತದೆ, ಅಷ್ಟೆ. “ದಾಖಲೆಯಲ್ಲಿರುವ ಒಡೆಯರು ನಾವು, ಸಂಪರ್ಕದ ಇಮೇಲ್ ನಮ್ಮ ಕೈಯಲ್ಲಿಲ್ಲ, ಅದನ್ನು ಬದಲಿಸಿರಿ” ಎಂದು ಕೇಳಬೇಕು. ಅವರು ಬೇಡಿದ್ದು ವ್ಯಾಪಾರದ ಪರವಾನಗಿ, ಮಾವನ ಗುರುತಿನ ಚೀಟಿ, ಸಹಿಯುಳ್ಳ ಪತ್ರ. ಹಣ ಕೊಟ್ಟ ರಸೀದಿಗಳನ್ನೂ ಸೇರಿಸಿದೆವು. ಅವು ಒಡೆತನಕ್ಕೆ ಪುರಾವೆಯಲ್ಲ, ಆದರೆ ಹುಡುಗ ಕೂಲಿಗೆ ಮಾಡಿದನೆಂಬುದಕ್ಕೆ ಸಾಕ್ಷಿ.

ಇಲ್ಲಿ ಒಂದು ತಮಾಷೆ ನಡೆಯಿತು. ನಮ್ಮ ಊರನ್ನು ಇಂಗ್ಲಿಷಿನಲ್ಲಿ ಕೆಲವರು `Kankumbi` ಎಂದೂ ಕೆಲವರು `Kanakumbi` ಎಂದೂ ಬರೆಯುತ್ತಾರೆ. ಹುಡುಗ ಒಂದನ್ನು ಬರೆದಿದ್ದ. ಪಂಚಾಯತಿಯ ಪರವಾನಗಿಯಲ್ಲಿ ಇನ್ನೊಂದಿತ್ತು. ಒಂದು `a` ಅಕ್ಷರಕ್ಕಾಗಿ ಅರ್ಜಿ ಹಿಂದೆ ಬಂದಿತು. ಎರಡೂ ಒಂದೇ ಊರೆಂದು ಪಂಚಾಯತಿಯ ಅಭಿವೃದ್ಧಿ ಅಧಿಕಾರಿಗಳಿಂದ ಬರೆಸಿಕೊಂಡು ಕಳಿಸಿದ ಮೇಲೆ ಕೆಲಸವಾಯಿತು. ಎಲ್ಲ ಸೇರಿ 19 ದಿನಗಳು ಹಿಡಿದವು. ಮಾವ ಆ ದಿನವೇ ಪಾಸ್‌ವರ್ಡ್ ಬದಲಿಸಿ, ಎರಡನೆಯ ಹಂತದ ಪರಿಶೀಲನೆಯನ್ನು ತಮ್ಮ ಫೋನಿಗೆ ಕಟ್ಟಿ, ಐದು ವರ್ಷದ ಹಣವನ್ನೂ ತುಂಬಿದರು.

ಹೆಸರು ಸಿಕ್ಕಿತೆಂದು ಹಿಗ್ಗಿ ಅಂದೇ ಎಲ್ಲವನ್ನೂ ಬದಲಿಸುವವರು ಇಲ್ಲಿಯೇ ಎಡವುತ್ತಾರೆ. ಹೆಸರಿನ ನೇಮ್‌ಸರ್ವರುಗಳು ಹಳೆಯ ಹೋಸ್ಟಿಂಗಿನವು. ತಾಣ ಎಲ್ಲಿದೆ, ಅಂಚೆ ಎಲ್ಲಿಗೆ ಹೋಗಬೇಕು ಎಂಬ ಸಾಲುಗಳೆಲ್ಲ ಅಲ್ಲಿಯೇ ಇವೆ. ಅವನ್ನು ನಕಲು ಮಾಡಿಕೊಳ್ಳದೆ ನೇಮ್‌ಸರ್ವರ್ ಬದಲಿಸಿದರೆ ಇಮೇಲ್ ಬರುವುದು ನಿಂತುಹೋಗುತ್ತದೆ. ತಪ್ಪೆಂದು ನಮಗೆ ಯಾರೂ ಹೇಳುವುದಿಲ್ಲ, ಪತ್ರ ಬಂದಿಲ್ಲವೆಂದು ತೋರುತ್ತದೆ, ಅಷ್ಟೆ. ಆದ್ದರಿಂದ ಮೊದಲು ಆ ಸಾಲುಗಳನ್ನು ಬರೆದುಕೊಂಡು, ಪುಟಗಳ ಪ್ರತಿಯನ್ನೂ ತೆಗೆದುಕೊಂಡೆವು. ಕೆಳಗಿನ ಹೆಸರಿನ ಜಾಗದಲ್ಲಿ ತಮ್ಮದನ್ನು ಹಾಕಿಕೊಳ್ಳುವುದು:

```
dig example.com A
dig example.com MX
dig example.com TXT
wget --mirror --page-requisites --convert-links https://example.com/
```

ಹೋಸ್ಟಿಂಗಿನವರು ನಮಗೆ ಬಾಗಿಲು ತೆರೆಯಲಿಲ್ಲ. ಅವರ ಗಿರಾಕಿ ಆ ಹುಡುಗನೇ ಹೊರತು ನಾವಲ್ಲ. ಇದರಲ್ಲಿ ಅವರ ತಪ್ಪಿಲ್ಲ. ನಾವು ಹೊಸ ಜಾಗ ಹಿಡಿದು, ಪ್ರತಿಯನ್ನು ಅಲ್ಲಿಟ್ಟು, ರಿಜಿಸ್ಟ್ರಾರರ ನೇಮ್‌ಸರ್ವರಿನಲ್ಲಿ ಹಳೆಯ ಸಾಲುಗಳನ್ನು ಮರುಬರೆದು, ತಾಣದ ದಿಕ್ಕನ್ನು ಮಾತ್ರ ಬದಲಿಸಿದೆವು. ಅಂಚೆ ಬೇರೆ ಕಂಪನಿಯದಾಗಿದ್ದರಿಂದ ಅದು ಕದಲಲಿಲ್ಲ. ಅದರ ಆಡಳಿತದ ಪಾಸ್‌ವರ್ಡೂ ನಮ್ಮಲ್ಲಿರಲಿಲ್ಲವಾದರೂ, ಅವರು ಕೊಟ್ಟ ಒಂದು `TXT` ಸಾಲನ್ನು ಹೆಸರಿನ ದಾಖಲೆಯಲ್ಲಿ ಬರೆದು ತೋರಿಸಿದ ಕೂಡಲೇ ಒಡೆಯರೆಂದು ಒಪ್ಪಿದರು. ಹೆಸರೇ ಮೊದಲು ಎಂದು ನಾನು ಹಟ ಹಿಡಿದದ್ದು ಇದಕ್ಕೇ.

ಒಡೆಯನ ಜಾಗದಲ್ಲಿ ಹುಡುಗ ತನ್ನ ಹೆಸರನ್ನೇ ಬರೆದುಕೊಂಡಿದ್ದರೆ ಕಥೆ ಬೇರೆಯಾಗುತ್ತಿತ್ತು. ಆಗ ರಿಜಿಸ್ಟ್ರಾರರು ನ್ಯಾಯಾಲಯದ ಆಜ್ಞೆ ತನ್ನಿ ಎನ್ನುವರು. ಡೊಮೇನಿಗೂ ವ್ಯಾಪಾರಮುದ್ರೆಯಂಥ ರಕ್ಷಣೆಯುಂಟೆಂದು ಸುಪ್ರೀಂ ಕೋರ್ಟು 2004ರಲ್ಲಿ ಸತ್ಯಂ ಇನ್ಫೋವೇ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಆ ವ್ಯಾಜ್ಯ ಹುಟ್ಟಿದ್ದು ನಮ್ಮ ಬೆಂಗಳೂರಿನ ಸಿವಿಲ್ ನ್ಯಾಯಾಲಯದಲ್ಲಿಯೇ. ‘ಡಾಟ್ ಇನ್’ ಹೆಸರುಗಳಿಗೆ ಮಧ್ಯಸ್ಥಿಕೆಯ ನಿಯಮಾವಳಿಯೂ ಇದೆ. ಆದರೆ ಅಲ್ಲಿ ಎದುರಾಳಿಯ ದುರುದ್ದೇಶವನ್ನು ತೋರಿಸಬೇಕು. ನೀವೇ ಹೇಳಿ ಮಾಡಿಸಿದ ಹೆಸರನ್ನು ಕೂಲಿಯವನು ಸೋಮಾರಿತನದಿಂದ ತನ್ನ ಹೆಸರಿಗೆ ಹಚ್ಚಿಕೊಂಡನೆಂದರೆ ದುರುದ್ದೇಶ ಸಾಧಿಸುವುದು ಸುಲಭವಲ್ಲ. ನಾಲ್ಕು ಕೋಣೆಯ ವಸತಿಮನೆಗೆ ಆ ಖರ್ಚು ತಾಳದು. ಬೇರೆ ಹೆಸರು ಕೊಳ್ಳುವುದೇ ಲೇಸೆಂದು ನಾನು ಹೇಳುತ್ತಿದ್ದೆ.

ಕಳೆದುಕೊಂಡದ್ದೂ ಇದೆ. ನಕಲು ಮಾಡಿದ ಪುಟಗಳು ಚಿತ್ರದಂತೆ ನಿಲ್ಲುತ್ತವೆ; ಅವುಗಳ ಹಿಂದಿದ್ದ ದತ್ತಸಂಗ್ರಹ ಬರುವುದಿಲ್ಲ. ಕೋಣೆ ಕಾದಿರಿಸುವ ನಮೂನೆ ಸತ್ತುಹೋಯಿತು. ಹೊಸದನ್ನು ಬರೆಯಲು ಹಳೆಯ ಪುಟವನ್ನು ಬಿಡಿಸಿ ನೋಡಿದಾಗ, ಪ್ರವಾಸಿಗಳು ಅದರಲ್ಲಿ ತುಂಬಿದ ಪತ್ರಗಳೆಲ್ಲ ಆ ಹುಡುಗನ ಇಮೇಲಿಗೆ ಹೋಗುವಂತೆ ಬರೆದಿದ್ದುದು ಕಂಡಿತು. ಎರಡು ಮಳೆಗಾಲದಿಂದ ಜನ ಬರುವುದು ಕಡಿಮೆಯಾಯಿತೆಂದು ಮಾವ ಚೋರ್ಲಾ ಘಟ್ಟದ ಕೆಟ್ಟ ರಸ್ತೆಯನ್ನು ಬೈಯುತ್ತಿದ್ದರು.