‘ರೀ’ ಎಲ್ಲಿ ಹೋಯಿತು?



ಕೆಲವು ತಿಂಗಳ ಹಿಂದೆ ಬಮ್ಮಿಗಟ್ಟಿಯಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳೊಂದಿಗೆ ಮನೆಗೆ ಬಂದಿದ್ದ. ಮಗಳಿಗೆ ಹುಬ್ಬಳ್ಳಿಯ ಕಡೆಯಿಂದ ಸಂಬಂಧವೊಂದು ಬಂದಿತ್ತು. ಬಯೋಡಾಟಾ, ಭಾವಚಿತ್ರಗಳು ವಿನಿಮಯವಾಗಿದ್ದವು. ಹಿರಿಯರೇ ಇಬ್ಬರ ಮೊಬೈಲ್ ಸಂಖ್ಯೆಗಳನ್ನೂ ಕೊಟ್ಟು, “ಒಂದೀಟ ಮಾತಾಡ್ರಿ” ಎಂದಿದ್ದರು. ಕನ್ಯಾ ನೋಡಲು ಬರುವ ದಿನಕ್ಕೆ ಇನ್ನೂ ಎರಡು ವಾರವಿತ್ತು. ಅಷ್ಟರಲ್ಲಿ ತಂದೆಗೆ ಚಿಂತೆ ಹತ್ತಿತು: “ಸರ, ದಿನಾ ರಾತ್ರಿ ವಾಟ್ಸ್ಆ್ಯಪ್‌ನ್ಯಾಗ ಬರಕೋತ ನಗತಾಳ್ರಿ. ಫೋನ್ ಇಸಕೊಂಡು ಓದಿ ಬಿಡ್ಲೇನ್ರಿ?”

ಓದಬೇಡ ಎಂದೆ. ಆದರೆ ಹುಡುಗಿ ತಾನಾಗಿಯೇ ನಾಲ್ಕು ಸಾಲು ಓದಿ ಹೇಳಿದಳು. ಅವರಿಬ್ಬರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಹುಡುಗ ಮೊದಲ ದಿನ ಕೇಳಿದ್ದನಂತೆ: “ಚಹಾ ಮಾಡಾಕ ಬರ್ತೈತೇನ್ರಿ?” ಇವಳ ಉತ್ತರ: “ನಿಮಗ ಕುಡ್ಯಾಕ ಬರ್ತೈತೇನ್ರಿ? ಕಪ್ ತೊಳ್ಯಾಕ?” ಆತ ಮರುದಿನ ಬೆಳಿಗ್ಗೆ ತೊಳೆದಿಟ್ಟ ಕಪ್ಪಿನ ಚಿತ್ರ ಕಳಿಸಿದ್ದ. ಹತ್ತನೆಯ ರಾತ್ರಿ ಅವನ ಸಂದೇಶ: “ನಿದ್ದಿ ಬಂತೇನ?” ಇವಳು ಕೇಳಿದಳು: “‘ರೀ’ ಎಲ್ಲಿ ಹೋತ್ರಿ?” ಅವನೆಂದ: “ತಪ್ಪಾತ್ರಿ. ಹುಡುಕಿ ತಂದೀನ್ರಿ.”

ವ್ಯಾಕರಣ ಕಲಿಸಿದ ನನಗೆ ಇಡೀ ಸಂಭಾಷಣೆಯ ಜೀವಾಳ ಇಲ್ಲಿಯೇ ಕಂಡಿತು. ನಮ್ಮ ಸೀಮೆಯಲ್ಲಿ ಮಧ್ಯಮ ಪುರುಷ ಬಹುವಚನದಿಂದ ಏಕವಚನಕ್ಕೆ ಇಳಿಯುವುದು ಸಣ್ಣ ಸಂಗತಿಯಲ್ಲ. ‘ರೀ’ ಬಿಟ್ಟವನು ಸಲಿಗೆಯನ್ನು ಒಂದು ಹೆಜ್ಜೆ ಮುಂದಿಟ್ಟು, ಎದುರಿನವರು ಏನೆನ್ನುತ್ತಾರೋ ಎಂದು ಕಾಯುತ್ತಾನೆ. ಆಕೆ ನಗುತ್ತಲೇ ತಡೆದಳು. ಆತ ಮುನಿಸಿಕೊಳ್ಳದೆ ಹಿಂದೆ ಸರಿದ. ‘ಬೇಡ’ ಎಂದಾಗ ಈ ಮನುಷ್ಯ ಹೇಗಿರುತ್ತಾನೆ ಎಂಬ ಪ್ರಶ್ನೆಗೆ ಬಯೋಡಾಟಾದಲ್ಲಿ ಉತ್ತರವಿಲ್ಲ. ಗುಣಮೇಳದ 36ರಲ್ಲಿ 18 ಕೂಡಿದರೆ ಸಾಕೆನ್ನುವ ಜಾತಕದಲ್ಲಿಯೂ ಇಲ್ಲ.

ಇಂಥ ಸರಸ ನಮ್ಮಲ್ಲಿ ಹಿಂದೆ ಇರಲಿಲ್ಲವೆಂದು ಯಾರೂ ಹೇಳದಿರಲಿ. ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳಿಸುವ ಪದ್ಧತಿ ಮತ್ತೇನು? ಆದರೆ ಅದು ಅಕ್ಷತೆ ಬಿದ್ದ ಮೇಲಿನ ಮಾತು, ಹತ್ತು ಜನರ ಎದುರಿನ ಮಾತು. ಇಂದಿನ ಸರಸ ಸಕ್ಕರೆ ಹಂಚುವ ಮೊದಲೇ, ಸಾಕ್ಷಿಗಳಿಲ್ಲದೆ ನಡೆಯುತ್ತದೆ. ಸಂಬಂಧ ಮುರಿದರೂ ಬರಹ ಉಳಿಯುತ್ತದೆ. ಕಳಿಸಿದ್ದನ್ನು ಇಬ್ಬರ ಕಡೆಯಿಂದಲೂ ಅಳಿಸಲು ವಾಟ್ಸ್ಆ್ಯಪ್ ಕೊಡುವ ಕಾಲಾವಕಾಶ ಸುಮಾರು ಎರಡೂವರೆ ದಿನ ಮಾತ್ರ. ಅಷ್ಟರೊಳಗೆ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅದನ್ನು ಅಳಿಸುವ ಉಪಾಯವೇ ಇಲ್ಲ.

ಇದರ ಪರಿಣಾಮವನ್ನು ಬಂಧುಗಳೊಬ್ಬರ ಮನೆಯಲ್ಲಿ ಕಂಡಿದ್ದೇನೆ. ಅಲ್ಲಿ ಹುಡುಗನ ಅಕ್ಕ, ಹುಡುಗಿಯ ಒಂದು ಚೇಷ್ಟೆಯ ಸಾಲನ್ನು ಮನೆಮಂದಿಯ ಗುಂಪಿಗೆ ಹಾಕಿದಳು. ಅದು ಹುಡುಗನ ಪ್ರಶ್ನೆಗೆ ಕೊಟ್ಟ ಉತ್ತರವಾಗಿತ್ತು. ಆದರೆ ಪ್ರಶ್ನೆ ಚಿತ್ರದಲ್ಲಿ ಇರಲಿಲ್ಲ. “ಹುಡುಗಿ ಬಾಳ ಮುಂದೈತಿ” ಎಂದು ಸಂಬಂಧ ಬಿಟ್ಟರು. ಮುಂದೆ ಬಂದ ಎರಡು ಸಂಬಂಧಗಳಿಗೂ ಆ ಮಾತು ಮೊದಲೇ ತಲುಪಿತ್ತು. ಮೊದಲು ಚೇಷ್ಟೆ ಆರಂಭಿಸಿದ ಹುಡುಗನನ್ನು ಯಾರೂ ಏನೂ ಕೇಳಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೇ. ಸಂಖ್ಯೆ ಕೊಟ್ಟ ಹಿರಿಯರು ಆ ಮಾತುಗಳನ್ನು ಓದುವ ಹಕ್ಕು ತಮಗಿದೆಯೆಂದು ಭಾವಿಸಬಾರದು. ಇಬ್ಬರ ನಡುವಿನದನ್ನು ಮೂರನೆಯವರಿಗೆ ತೋರಿಸಿದವರದೇ ತಪ್ಪೆಂದು ಎರಡೂ ಮನೆಯವರು ಮೊದಲೇ ಒಪ್ಪಿರಬೇಕು. ಬರೆಯುವ ಇಬ್ಬರಾದರೂ ಇದು ಇನ್ನೂ ಮಾತುಕತೆ, ನಿಶ್ಚಯವಲ್ಲ ಎಂಬುದನ್ನು ಮರೆಯಬಾರದು. ಮನಸ್ಸು ಒಲ್ಲೆ ಎಂದರೆ ಒಂದೇ ಸಾಲಿನಲ್ಲಿ ತಿಳಿಸಬೇಕು. ನೀಲಿ ಗೆರೆ ಎರಡು ಮೂಡಿಯೂ ಉತ್ತರ ಬಾರದೆ ಎಂಟು ದಿನ ಕಾಯಿಸುವುದಕ್ಕಿಂತ ಆ ಒಂದು ಸಾಲು ಮೇಲು.

ಬಮ್ಮಿಗಟ್ಟಿಯ ಆ ಸಂಬಂಧ ಕೂಡಿಬರಲಿಲ್ಲ. ಲಗ್ನದ ಖರ್ಚಿನ ಮಾತಿನಲ್ಲಿ ಹಿರಿಯರು ಎಡವಿದರು. ಆ ಸುದ್ದಿ ಮಧ್ಯಸ್ಥರ ಬಾಯಿಂದ ಹೊರಡುವ ಮುನ್ನವೇ ಹುಡುಗ ತಾನೇ ಬರೆದಿದ್ದ: “ಮನ್ಯಾಗ ಒಪ್ಪವಲ್ರು. ನಿಮಗ ನಾನೇ ಹೇಳಬೇಕಂತ ಬರದೀನ್ರಿ. ನಿಮ್ಮ ಮಾತು ನನ್ನ ಹತ್ರಾನ ಇರತಾವ್ರಿ.”

“ಸರ, ಕಡೀತನಕಾ ‘ರೀ’ ಬಿಡಲಿಲ್ರಿ” ಎಂದು ಹುಡುಗಿ ಫೋನಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ಬೇಸರವಿತ್ತು, ಅವಮಾನವಿರಲಿಲ್ಲ. ಮದುವೆ ಕೂಡಲಿ, ಬಿಡಲಿ, ಹೆಣ್ಣುಮಗಳಿಗೆ ಅಷ್ಟನ್ನಾದರೂ ಉಳಿಸಿಕೊಡಬೇಕಲ್ಲವೇ?